31% ಬಂದಿದೆ, ಗೈಡ್ 10ಕ್ಕೆ ಇಳಿಸಿ ಅಂತಿದ್ದಾರೆ. ಯಾವುದನ್ನು ತಿದ್ದಲಿ, ಯಾವುದನ್ನು ಬಿಡಲಿ?

ಅಂಚಿನಮನೆ

ಎಲ್ಲರಿಗೂ ನಮಸ್ಕಾರ. ನನ್ನದು ಸಮಾಜಶಾಸ್ತ್ರದ ಪಿಎಚ್‌ಡಿ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಸ್ತ್ರೀಶಕ್ತಿ ಗುಂಪುಗಳ ಮೇಲೆ ಕೆಲಸ ಮಾಡಿದ್ದೇನೆ. ಪ್ರಬಂಧ ಇಂಗ್ಲಿಷಿನಲ್ಲಿದೆ, ಸುಮಾರು 62,000 ಪದ. ನಿನ್ನೆ ಲೈಬ್ರರಿಯಿಂದ ಟರ್ನಿಟಿನ್ ವರದಿ ಬಂತು. ಬೇರೆ ಬರಹಗಳ ಜೊತೆ ಹೊಂದಿಕೆ 31%. ತೆರೆದು ನೋಡಿದರೆ ಪುಟ ಪುಟಕ್ಕೂ ಕೆಂಪು, ನೀಲಿ, ನೇರಳೆ. ಗೈಡ್ ಹತ್ತಿರ ಹೋದರೆ ಒಂದೇ ಮಾತು, "10ರೊಳಗೆ ತನ್ನಿ, ಆಮೇಲೆ ಮಾತಾಡೋಣ". ಸಲ್ಲಿಸಲು 12 ದಿನ ಇದೆ. ಲೈಬ್ರರಿಯವರು ಇನ್ನೊಂದೇ ಸಲ ಚೆಕ್ ಮಾಡಿಕೊಡುತ್ತಾರಂತೆ.

ಪಟ್ಟಿಯಲ್ಲಿ ಮೇಲೆ ಇರುವುದು ಹೀಗಿದೆ: ನನ್ನದೇ ಜರ್ನಲ್ ಲೇಖನ 7%, ಶೋಧಗಂಗಾದಲ್ಲಿರುವ ಯಾರದೋ ಪ್ರಬಂಧ 4%, ಸರ್ಕಾರಿ ವೆಬ್‌ಸೈಟ್ 2%, ಇನ್ನೊಬ್ಬರ ಜರ್ನಲ್ ಲೇಖನ 1%. ಅದರ ಕೆಳಗೆ 1%, `<1%` ಅಂತ ಇರುವ ಮೂಲಗಳು ಸಾಲು ಸಾಲು. ಆ ಶೋಧಗಂಗಾ ಪ್ರಬಂಧವನ್ನು ನಾನು ಕಣ್ಣಲ್ಲೂ ನೋಡಿಲ್ಲ, ದೇವರಾಣೆ.

ರಾತ್ರಿ ಕೂತು ಮೊದಲಿನಿಂದ ತಿದ್ದಲು ಶುರು ಮಾಡಿದೆ. ಮೂರು ಗಂಟೆಯಲ್ಲಿ ಆರು ಪುಟ ಆಯಿತು. ಹೀಗೇ ಹೋದರೆ ಮುಗಿಯುವುದಿಲ್ಲ. ಯಾವುದು ನಿಜವಾಗಿ ತಿದ್ದಬೇಕಾದ್ದು ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು?

ರವಿ ಮೇಷ್ಟ್ರು

ಮೇಡಂ, ಹೆದರಬೇಡಿ. ಯುಜಿಸಿ 2018ರ ನಿಯಮದಲ್ಲೇ ಇದೆ, ಸತತ 14 ಪದದವರೆಗೆ ಹೊಂದಿಕೆ ಇದ್ದರೆ ಲೆಕ್ಕಕ್ಕಿಲ್ಲ. ಲೈಬ್ರರಿಯವರಿಗೆ ಹೇಳಿ, 14 ಪದಕ್ಕಿಂತ ಚಿಕ್ಕದನ್ನು ಬಿಟ್ಟುಬಿಡುವ ಫಿಲ್ಟರ್ ಹಾಕಿಸಿ. ಅರ್ಧಕ್ಕರ್ಧ ಇಳಿಯುತ್ತದೆ. ಉಳಿದಿದ್ದರಲ್ಲಿ ಪ್ರತಿ ವಾಕ್ಯಕ್ಕೂ ಎರಡು ಮೂರು ಪದ ಬದಲಾಯಿಸಿ. ನನ್ನ ತಮ್ಮನದು 24 ಇದ್ದದ್ದು ಹೀಗೇ 8 ಆಯಿತು.

ಸುಮ್ನೆ ಓದುಗ

ಬಣ್ಣ ಬಂದಿರುವ ಪುಟಗಳನ್ನು ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಹಾಕಿಬಿಡಿ, ಸಾಫ್ಟ್‌ವೇರ್‌ಗೆ ಓದಲು ಬರಲ್ಲ. ಒಂದೇ ಸಲಕ್ಕೆ ಸೊನ್ನೆ.

ಹಳೇ ಲೈಬ್ರರಿಯವ

ಸುಮ್ನೆ ಓದುಗ ಅವರೇ, ಅವರು ಕೇಳಿದ್ದು ಯಾವುದನ್ನು ತಿದ್ದಬೇಕು ಅಂತ. ಯಾವುದನ್ನು ಮುಚ್ಚಿಡಬೇಕು ಅಂತಲ್ಲ. ಚಿತ್ರ ಅಂಟಿಸಿದ ಫೈಲನ್ನು ನಾನು ಕೌಂಟರಿನಲ್ಲೇ ವಾಪಸ್ ಕಳಿಸಿದ್ದೇನೆ. 200 ಪುಟದ ಪ್ರಬಂಧದಲ್ಲಿ ಪದಗಳ ಎಣಿಕೆ 30,000 ಅಂತ ತೋರಿಸಿದರೆ ಯಾರಿಗೂ ಅನುಮಾನ ಬರುತ್ತದೆ. ಬಿಳಿ ಅಕ್ಷರದಲ್ಲಿ ಏನಾದರೂ ತುಂಬಿಸುವುದು, ಅಕ್ಷರದ ಬದಲು ಅದೇ ರೂಪದ ಬೇರೆ ಲಿಪಿಯ ಅಕ್ಷರ ಹಾಕುವುದು, ಇವನ್ನು ಟರ್ನಿಟಿನ್ ಬೇರೆಯಾಗಿಯೇ ಗುರುತು ಮಾಡಿ ತೋರಿಸುತ್ತದೆ. ಸಿಕ್ಕಿಬಿದ್ದರೆ ಅದು ಹೊಂದಿಕೆಗಿಂತ ದೊಡ್ಡ ತಲೆನೋವು.

ಅಂಚಿನಮನೆ ಮೇಡಂ, ನಾನು ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇಂಥ ವರದಿಗಳನ್ನು ವರ್ಷಗಟ್ಟಲೆ ತೆಗೆದುಕೊಟ್ಟವನು. ಮೊದಲು ಒಂದು ಪ್ರಶ್ನೆ. ನಿನ್ನೆ ರಾತ್ರಿ ತಿದ್ದಿದ ಆ ಆರು ಪುಟ ಯಾವುವು?

ಅಂಚಿನಮನೆ

ಘೋಷಣಾ ಪತ್ರ, ಗೈಡ್ ಪ್ರಮಾಣಪತ್ರ, ಕೃತಜ್ಞತೆ, ಆಮೇಲೆ ಮೊದಲ ಅಧ್ಯಾಯದ ಶುರು. ಮೊದಲನೇ ಪುಟದಿಂದಲೇ ಬಣ್ಣ ಇತ್ತಲ್ಲ ಸರ್...

ಹಳೇ ಲೈಬ್ರರಿಯವ

ಹಾಗಂದುಕೊಂಡೆ. ಘೋಷಣಾ ಪತ್ರವನ್ನು ದಯವಿಟ್ಟು ಮೊದಲಿದ್ದ ಹಾಗೇ ಮಾಡಿ. ಅದು ವಿಶ್ವವಿದ್ಯಾಲಯ ಕೊಟ್ಟ ನಮೂನೆ. ಸಾವಿರ ಜನ ಅದೇ ವಾಕ್ಯ ಬರೆದು ಸಹಿ ಹಾಕಿರುತ್ತಾರೆ, ಹೊಂದಿಕೆ ಆಗದಿದ್ದರೆ ಆಶ್ಚರ್ಯ. ನೀವು ಅದನ್ನು ನಿಮ್ಮ ಮಾತಿನಲ್ಲಿ ಬರೆದರೆ ಪರೀಕ್ಷಾ ವಿಭಾಗದವರು ತಿರಸ್ಕರಿಸುತ್ತಾರೆ.

ಈ ಸಾಫ್ಟ್‌ವೇರ್ ಹೇಳುವುದು ಒಂದೇ ಮಾತು: ಈ ಪದಗಳು ಇದೇ ಸಾಲಿನಲ್ಲಿ ಇನ್ನೊಂದು ಕಡೆ ಸಿಕ್ಕಿವೆ. ಕದ್ದಿದ್ದಾರೋ, ಎರವಲೋ, ಬೇರೆ ದಾರಿಯೇ ಇಲ್ಲದೆ ಹಾಗೆ ಬರೆದರೋ, ಅದಕ್ಕೆ ಗೊತ್ತಿಲ್ಲ. ಹಾಗಾಗಿ ಪುಟ 1ರಿಂದ ಶುರು ಮಾಡಬಾರದು. ಮೊದಲು ಲೆಕ್ಕಕ್ಕೆ ಬರಬಾರದ್ದನ್ನು ಹೊರಗೆ ಹಾಕಬೇಕು. 2018ರ ನಿಯಮದಲ್ಲೇ ಇದೆ: ಹೆಸರು ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ, ಪ್ರಮಾಣಿತ ಸಮೀಕರಣ, ಇವನ್ನೆಲ್ಲ ಬಿಟ್ಟೇ ನೋಡಬೇಕು. 10%ವರೆಗೆ ದಂಡ ಇಲ್ಲ. 10 ದಾಟಿ 40ರವರೆಗೆ ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಿ ಅಂತಾರೆ. 40 ದಾಟಿದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಆ ಸಂಖ್ಯೆ ಇಷ್ಟೆಲ್ಲ ಕಳೆದ ಮೇಲಿನದು, ಹಸಿ ವರದಿಯ ಮೇಲಿನದಲ್ಲ.

ನಿಮ್ಮ 31ರಲ್ಲಿ ಗ್ರಂಥಋಣ ಸೇರಿದೆಯಾ ನೋಡಿ. ಕೊನೆಯ ಪುಟಗಳಲ್ಲಿ ಬಣ್ಣ ಇದ್ದರೆ ಸೇರಿದೆ ಅಂತ ಅರ್ಥ.

ಅಂಚಿನಮನೆ

ಸೇರಿದೆ ಸರ್, 18 ಪುಟ ಪೂರ್ತಿ ಬಣ್ಣ. ಆದರೆ ಲೈಬ್ರರಿಯವರು `Exclude Bibliography` ಟಿಕ್ ಮಾಡಿದ್ದೇವೆ ಅಂದರು. ವರದಿಯಲ್ಲೂ ಆನ್ ಅಂತಲೇ ತೋರಿಸುತ್ತಿದೆ.

ಹಳೇ ಲೈಬ್ರರಿಯವ

ಆ ಭಾಗಕ್ಕೆ ನೀವು ಕೊಟ್ಟಿರುವ ಶೀರ್ಷಿಕೆ ಏನು?

ಅಂಚಿನಮನೆ

`Works Referred and Consulted for the Study`. ಗೈಡ್ ಹೇಳಿದ್ದು.

ಹಳೇ ಲೈಬ್ರರಿಯವ

ಅಲ್ಲೇ ಇದೆ ಗಂಟು. ಸಾಫ್ಟ್‌ವೇರ್ ಗ್ರಂಥಋಣವನ್ನು ಓದಿ ಅರ್ಥ ಮಾಡಿಕೊಳ್ಳುವುದಿಲ್ಲ, ಶೀರ್ಷಿಕೆ ನೋಡಿ ಗುರುತಿಸುತ್ತದೆ. `References` ಅಥವಾ `Bibliography` ಅಂತ ಒಂದೇ ಸಾಲಿನಲ್ಲಿ ಒಂಟಿಯಾಗಿರಬೇಕು. ಪಕ್ಕದಲ್ಲಿ ಬೇರೇನೂ ಬೇಡ. ಅದನ್ನು ಬದಲಾಯಿಸಿ.

ಉದ್ಧರಣೆಗೂ ಇದೇ ಕಥೆ. ಜೋಡಿ ಚಿಹ್ನೆ ಹಾಕಿದ್ದರೆ ಉದ್ಧರಣೆ ಅಂತ ಗುರುತಿಸುತ್ತದೆ, ಒಂಟಿ ಚಿಹ್ನೆ ಹಾಕಿದ್ದರೆ ಇಲ್ಲ. ನಮ್ಮಲ್ಲಿ ತುಂಬಾ ಜನ ಒಂಟಿ ಚಿಹ್ನೆಯನ್ನೇ ಬಳಸುತ್ತಾರೆ, ಆಮೇಲೆ "ಕೊಟ್ಟಿದ್ದೇನಲ್ಲ ಸರ್, ಆದರೂ ಯಾಕೆ ಬಣ್ಣ" ಅಂತ ಕೇಳುತ್ತಾರೆ.

ವಚನಪ್ರಿಯೆ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಕನ್ನಡ ಎಂಎ ಕಿರುಪ್ರಬಂಧ, ವಚನಗಳ ಮೇಲೆ. ನಮ್ಮ ಕಾಲೇಜಿನವರು ಚೆಕ್ ಮಾಡಿಸಿದರು, 0% ಬಂತು! ಬಹಳ ಖುಷಿಯಾಗಿತ್ತು. ಆದರೆ ನಾನು ನಲವತ್ತಕ್ಕೂ ಹೆಚ್ಚು ವಚನ ಉದ್ಧರಿಸಿದ್ದೇನೆ, ಅವೆಲ್ಲ ಇಂಟರ್ನೆಟ್ಟಿನಲ್ಲಿ ಇವೆ. ಸೊನ್ನೆ ಹೇಗೆ ಬಂತು ಅಂತ ಈಗ ಈ ಚರ್ಚೆ ಓದಿ ಅನುಮಾನ ಬರುತ್ತಿದೆ.

ಹಳೇ ಲೈಬ್ರರಿಯವ

ನುಡಿಯಲ್ಲಿ ಟೈಪ್ ಮಾಡಿದ್ದಾ ಅಮ್ಮ?

ವಚನಪ್ರಿಯೆ

ಹೌದು ಸರ್, ಡಿಟಿಪಿಯವರು ನುಡಿಯಲ್ಲೇ ಮಾಡಿಕೊಟ್ಟಿದ್ದು.

ಹಳೇ ಲೈಬ್ರರಿಯವ

ಹಾಗಿದ್ದರೆ ಆ ಸೊನ್ನೆಗೆ ಅರ್ಥ ಇಲ್ಲ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಯೂನಿಕೋಡ್ ಆಗಿದ್ದರೆ "ಕನ್ನಡ" ಅಂತಲೇ ಬರುತ್ತದೆ. ಹಳೆಯ ನುಡಿ ಫಾಂಟ್ ಆಗಿದ್ದರೆ ಹೀಗೆ ಬರುತ್ತದೆ:

```
PÀ£ÀßqÀ
```

ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಫಾಂಟ್‌ನ ಚಮತ್ಕಾರ, ಒಳಗಿರುವುದು ಈ ಅಕ್ಷರಗಳು. ಸಾಫ್ಟ್‌ವೇರ್ ಓದುವುದು ಒಳಗಿರುವುದನ್ನು. ಇಂಟರ್ನೆಟ್ಟಿನ ವಚನ ಯೂನಿಕೋಡ್‌ನಲ್ಲಿದೆ, ನಿಮ್ಮದು ಹೀಗಿದೆ, ಎರಡೂ ಎಲ್ಲಿ ಸೇರಬೇಕು? ಪರಿವರ್ತಕ ಬಳಸಿ ಯೂನಿಕೋಡ್ ಮಾಡಿಸಿ ಮತ್ತೆ ಚೆಕ್ ಮಾಡಿಸಿ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಕೆಡುತ್ತವೆ, ಒಮ್ಮೆ ಓದಿಕೊಳ್ಳಿ. ಆಗ ಸಂಖ್ಯೆ ಏರುತ್ತದೆ, ಏರಲಿ. ವಚನ ವಚನವೇ, ಅದನ್ನು ನಿಮ್ಮ ಮಾತಿನಲ್ಲಿ ಬರೆಯಲು ಆಗುತ್ತದೆಯೇ! ಅಂಕಿತನಾಮ, ಸಂಪುಟ, ವಚನದ ಸಂಖ್ಯೆ ಕೊಟ್ಟಿದ್ದರೆ ಸಾಕು. ನೋಡಬೇಕಾದ್ದು ವಚನದ ಕೆಳಗೆ ಬರುವ ವಿವರಣೆಯ ಪ್ಯಾರಾಗಳನ್ನು. ಅವು ಯಾರ ಮಾತು ಅನ್ನುವುದು ಪ್ರಶ್ನೆ.

ವಚನಪ್ರಿಯೆ

ಅಂಟಿಸಿ ನೋಡಿದೆ. ಪೂರ್ತಿ ಆ ಥರವೇ ಬಂತು. ವಿವರಣೆಯ ಬಗ್ಗೆ ನೀವು ಹೇಳಿದ್ದಕ್ಕೆ ಸ್ವಲ್ಪ ಭಯ ಆಯಿತು, ಸುಳ್ಳು ಹೇಳಲ್ಲ.

ಟೊಮ್ಯಾಟೊ ಬಾತ್

ನನ್ನ ಕಥೆ ಕೇಳಿ. ಎಂಟೆಕ್ ರಿಪೋರ್ಟು, 96% ಬಂತು. ತೊಂಬತ್ತಾರು! ಎಚ್ಒಡಿ ಎಲ್ಲರ ಮುಂದೆ ಬೈದರು. ಮೂಲ ಯಾವುದು ಅಂತ ನೋಡಿದರೆ `Student Paper`, ನಮ್ಮದೇ ಕಾಲೇಜಿನ ಹೆಸರು. ತಿಂಗಳ ಹಿಂದೆ ಪ್ರಾಜೆಕ್ಟ್ ಗೈಡ್ ನನ್ನ ಡ್ರಾಫ್ಟನ್ನು ಅವರ ಖಾತೆಯಿಂದ ಅಪ್‌ಲೋಡ್ ಮಾಡಿದ್ದರು, ಅದು ಡೇಟಾಬೇಸಿಗೆ ಸೇರಿಕೊಂಡಿತ್ತು. ನಾನು ನನ್ನಿಂದಲೇ ಕದ್ದಿದ್ದೆ.

ಅಕ್ಕ, ನಿಮ್ಮದು ಇನ್ನೊಂದೇ ಸಲ ಚೆಕ್ ಇರುವುದು ಅಂದಿರಲ್ಲ, ಮೊದಲ ಫೈಲನ್ನು ರೆಪಾಸಿಟರಿಗೆ ಸೇರಿಸಿಲ್ಲ ತಾನೇ ಅಂತ ಈಗಲೇ ಕೇಳಿಕೊಳ್ಳಿ. ಸೇರಿದ್ದರೆ ಎರಡನೇ ಸಲ ನಿಮಗೂ ತೊಂಬತ್ತರ ಮೇಲೆ.

ಹಳೇ ಲೈಬ್ರರಿಯವ

ಇದು ಒಳ್ಳೆಯ ಮಾತು, ನಾನೇ ಹೇಳಬೇಕಿತ್ತು. ಚೆಕ್ ಮಾಡುವ ಮೊದಲು "ರೆಪಾಸಿಟರಿ ಬೇಡ" ಅನ್ನುವ ಆಯ್ಕೆ ಇರುತ್ತದೆ. ಸೇರಿಬಿಟ್ಟಿದ್ದರೂ ಅಳಿಸಲು ಕೋರಿಕೆ ಕಳಿಸಬಹುದು, ಇಲ್ಲವೇ ಆ ಒಂದು ಮೂಲವನ್ನು ಬಿಟ್ಟು ವರದಿ ತೆಗೆಯಬಹುದು. ಬೇರೆ ಸಂಸ್ಥೆಯ `Student Paper` ಆದರೆ ಅದರಲ್ಲಿ ಏನಿದೆ ಅಂತ ಸೀದಾ ನೋಡಲು ಆಗುವುದಿಲ್ಲ, ಅವರ ಅನುಮತಿ ಕೇಳಬೇಕು.

ಅಂಚಿನಮನೆ

ಫೋನ್ ಮಾಡಿ ಕೇಳಿದೆ, ಸೇರಿಸಿಲ್ಲವಂತೆ. ಬದುಕಿದೆ. ಮತ್ತೊಂದು ಸಹಾಯ ಮಾಡಿದರು. ಗ್ರಂಥಋಣ ಬಿಟ್ಟರೆ ಎಷ್ಟು ಅಂತ ನನ್ನ ಹೊಸ ಶೀರ್ಷಿಕೆಯ ಫೈಲಿನಿಂದ ನೋಡಿ ಹೇಳಿದರು, ಇದನ್ನು ಚೆಕ್ ಅಂತ ಲೆಕ್ಕ ಹಿಡಿಯಲ್ಲವಂತೆ. 31 ಇದ್ದದ್ದು 22 ಆಯಿತು. ಒಂದು ಸಾಲು ಬದಲಾಯಿಸಿದ್ದಕ್ಕೆ 9! ನಿನ್ನೆ ರಾತ್ರಿ ಮೂರು ಗಂಟೆ ಏನು ಮಾಡಿದೆ ಅಂತ ನೆನೆಸಿಕೊಂಡರೆ ನಗು ಬರುತ್ತದೆ.

ಈಗ ಆ ಶೋಧಗಂಗಾ 4%. ಅದನ್ನು ಏನು ಮಾಡಲಿ?

ಹಳೇ ಲೈಬ್ರರಿಯವ

ಅದನ್ನು ಒತ್ತಿ, ಒಂದೊಂದೇ ತುಣುಕಿಗೆ ಹೋಗಿ. ಎಲ್ಲೆಲ್ಲಿ ಬರುತ್ತದೆ, ಏನು ಅಂತ ಬರೆದುಕೊಂಡು ಇಲ್ಲಿ ಹೇಳಿ. ಒಂದು ಮಾತು ನೆನಪಿಡಿ. ಒಂದೇ ವಾಕ್ಯ ಹತ್ತು ಕಡೆ ಸಿಕ್ಕಿದರೂ ಪಟ್ಟಿಯಲ್ಲಿ ಕಾಣುವುದು ಅತಿ ಹೆಚ್ಚು ಹೊಂದುವ ಒಂದು ಮೂಲ. ಉಳಿದವು ಅದರ ಅಡಿಯಲ್ಲಿ ಅಡಗಿರುತ್ತವೆ, `All Sources` ಒತ್ತಿದರೆ ಕಾಣುತ್ತವೆ. ನೀವು ನೋಡದೇ ಇರುವ ಪ್ರಬಂಧ ಪಟ್ಟಿಯ ಮೇಲೆ ಕೂತಿದೆ ಅಂದರೆ, ನೀವೂ ಅವರೂ ಒಂದೇ ಬಾವಿಯ ನೀರು ಸೇದಿದ್ದೀರಿ ಅಂತ ಇರಬಹುದು.

ಅಂಚಿನಮನೆ

ಎರಡು ಗಂಟೆ ಕೂತೆ. ಸರ್ ಹೇಳಿದ್ದು ಸರಿ. ಮೂರು ಥರ ಇದೆ.

ಒಂದು, ಘೋಷಣಾ ಪತ್ರ, ಪ್ರಮಾಣಪತ್ರ, ನಮ್ಮ ವಿಭಾಗದ ಉದ್ದ ಹೆಸರು. ಎರಡು, ಸಂಶೋಧನಾ ವಿಧಾನದ ಅಧ್ಯಾಯದಲ್ಲಿ "ಪ್ರತಿಕ್ರಿಯೆಗಳನ್ನು ಐದು ಅಂಕದ ಅಳತೆಯಲ್ಲಿ ದಾಖಲಿಸಲಾಯಿತು" ಅನ್ನುವಂಥ ವಾಕ್ಯಗಳು. ಮೂರು, ಎರಡನೇ ಅಧ್ಯಾಯದಲ್ಲಿ ಸ್ತ್ರೀಶಕ್ತಿ ಯೋಜನೆಯ ವಿವರಣೆ, ಮುಕ್ಕಾಲು ಪುಟ. 2000-01ರಲ್ಲಿ ಶುರುವಾಯಿತು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಗುಂಪು ಕಟ್ಟುತ್ತಾರೆ, ಒಂದೊಂದರಲ್ಲಿ 15ರಿಂದ 20 ಜನ, ಉದ್ದೇಶಗಳು ಇಂತಿಂಥವು... ಇದನ್ನು ನಾನು ಇಲಾಖೆಯ ವೆಬ್‌ಸೈಟಿನಿಂದ ತೆಗೆದುಕೊಂಡಿದ್ದೆ. ಅವರೂ ಅಲ್ಲಿಂದಲೇ ತೆಗೆದುಕೊಂಡಿದ್ದಾರೆ. ಸರ್ಕಾರದ್ದು ಎಲ್ಲರಿಗೂ ಸೇರಿದ್ದು ಅಂತ ನಾನು ಮೂಲ ಹೇಳಿಲ್ಲ. ಅದು ತಪ್ಪಾ?

ರವಿ ಮೇಷ್ಟ್ರು

ಸರ್ಕಾರಿ ಮಾಹಿತಿ ಸಾಮಾನ್ಯ ಜ್ಞಾನ ಮೇಡಂ. ಅದಕ್ಕೆ ಯಾರ ಹೆಸರು ಹಾಕುತ್ತೀರಿ?

ಹಳೇ ಲೈಬ್ರರಿಯವ

ಮೇಷ್ಟ್ರೇ, ಅರ್ಧ ಸರಿ. ಯೋಜನೆ 2000-01ರಲ್ಲಿ ಶುರುವಾಯಿತು ಅನ್ನುವುದು ಸಂಗತಿ, ಅದನ್ನು ಬೇರೆ ಥರ ಹೇಳಲು ಹೋದರೆ ವಾಕ್ಯ ಡೊಂಕಾಗುತ್ತದೆ, ಹಾಗೇ ಇರಲಿ. ಆದರೆ ಉದ್ದೇಶಗಳನ್ನು ವಿವರಿಸುವ ಮುಕ್ಕಾಲು ಪುಟವನ್ನು ಯಾರೋ ಅಧಿಕಾರಿ ಕೂತು ಬರೆದಿದ್ದಾರೆ. ಸಂಗತಿ ಎಲ್ಲರದು, ವಾಕ್ಯ ಬರೆದವರದು. ಉದ್ದೇಶಗಳನ್ನು ಇದ್ದ ಹಾಗೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಇಲಾಖೆಯ ಹೆಸರು, ನೋಡಿದ ದಿನಾಂಕ ಕೊಡಿ. ಉಳಿದ ವಿವರಣೆಯನ್ನು ಪುಟ ಮುಚ್ಚಿಟ್ಟು ನಿಮಗೆ ಗೊತ್ತಿರುವ ಹಾಗೆ ಬರೆಯಿರಿ. ಆರು ವರ್ಷ ಆ ಗುಂಪುಗಳ ಜೊತೆ ಕೂತವರು ನೀವು, ವೆಬ್‌ಸೈಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೀಗೆ ಮಾಡಿದರೆ ಶೋಧಗಂಗಾ 4 ಮತ್ತು ಸರ್ಕಾರಿ 2 ಎರಡೂ ಒಟ್ಟಿಗೆ ಕರಗುತ್ತವೆ.

ಐದು ಅಂಕದ ಅಳತೆಯ ವಾಕ್ಯ ಬಿಡಿ. ಅದು ಕಸುಬಿನ ಮಾತು, ಹತ್ತು ಜನ ಹತ್ತೂ ಸಲ ಹಾಗೇ ಬರೆಯುತ್ತಾರೆ. ಪ್ರಶ್ನಾವಳಿಯನ್ನೇ ಬೇರೆಯವರಿಂದ ತೆಗೆದುಕೊಂಡಿದ್ದರೆ ಅದನ್ನು ಮಾತ್ರ ಹೆಸರು ಹೇಳಿ ಒಪ್ಪಿಕೊಳ್ಳಿ.

ಇನ್ನು 14 ಪದದ ವಿಷಯ. ನಿಯಮದಲ್ಲಿ ಇರುವುದು ಸಾಮಾನ್ಯ ಜ್ಞಾನ ಅಥವಾ ಕಾಕತಾಳೀಯವಾಗಿ ಹೊಂದುವ ಪದಗಳ ಬಗ್ಗೆ, ಅವು ಸತತ 14 ಪದದವರೆಗೆ ಇದ್ದರೆ ಬಿಡಬಹುದು ಅಂತ. 13 ಪದದ ತುಣುಕನ್ನು ಯಾರಿಂದ ಬೇಕಾದರೂ ಎತ್ತಬಹುದು ಅಂತಲ್ಲ. ಆ ಫಿಲ್ಟರ್ ಹಾಕಿದರೆ ಕಸವೂ ಹೋಗುತ್ತದೆ, ನಿಜವಾಗಿ ತಿದ್ದಬೇಕಾದ್ದೂ ಕಣ್ಣಿಗೆ ಬೀಳದ ಹಾಗೆ ಹೋಗುತ್ತದೆ. ಹೇಗೆ ಅಂತ ತೋರಿಸುತ್ತೇನೆ. ಮೇಡಂ, ಆ 1% ಜರ್ನಲ್ ಲೇಖನ ಇದೆಯಲ್ಲ, ಅದರ ತುಣುಕುಗಳು ಹೇಗೆ ಕಾಣುತ್ತವೆ?

ಅಂಚಿನಮನೆ

ಮೂರನೇ ಅಧ್ಯಾಯ, ಹಿಂದಿನ ಅಧ್ಯಯನಗಳ ಪರಿಶೀಲನೆ. ಹನ್ನೊಂದು ಸಾಲಿನ ಪ್ಯಾರಾ ಮತ್ತು ಅದರ ಹಿಂದೆ ಮುಂದೆ ಕೆಲವು. ಪೂರ್ತಿ ಬಣ್ಣ ಇಲ್ಲ. ನಾಲ್ಕೈದು ಪದ ಬಣ್ಣ, ಒಂದು ಪದ ಬಿಳಿ, ಮತ್ತೆ ಬಣ್ಣ, ಮತ್ತೆ ಬಿಳಿ. ಕೊನೆಗೆ ಲೇಖಕರ ಹೆಸರು, ವರ್ಷ ಕೊಟ್ಟಿದ್ದೇನೆ. ಹಾಗಾಗಿ ಇದು ಸರಿ ಇದೆ ಅಂದುಕೊಂಡಿದ್ದೆ.

ಹಳೇ ಲೈಬ್ರರಿಯವ

ನನ್ನ ಪ್ರಕಾರ ನೀವು ಇಲ್ಲಿಯವರೆಗೆ ಹೇಳಿದ್ದರಲ್ಲಿ ನಿಜವಾಗಿ ಕೂತು ತಿದ್ದಬೇಕಾದ್ದು ಇದೇ. ನಿಮ್ಮ ವಾಕ್ಯ ಇಂಗ್ಲಿಷಿನದು, ನಾನು ಕನ್ನಡದಲ್ಲಿ ಒಂದು ಮಾದರಿ ಮಾಡಿ ತೋರಿಸುತ್ತೇನೆ. ಮೂಲ ಹೀಗಿದೆ ಅಂದುಕೊಳ್ಳಿ:

"ಗುಂಪಿಗೆ ಸೇರಿದ ಮೇಲೆ ಮಹಿಳೆಯರಲ್ಲಿ ಉಳಿತಾಯದ ಅಭ್ಯಾಸ ಹೆಚ್ಚಿದೆ, ಆದರೆ ಸಾಲದ ಹಣವನ್ನು ಯಾವುದಕ್ಕೆ ಬಳಸಬೇಕು ಎಂಬ ತೀರ್ಮಾನ ಮನೆಯ ಗಂಡಸರ ಕೈಯಲ್ಲೇ ಉಳಿದಿದೆ."

ಪ್ರಬಂಧದಲ್ಲಿ ಬರುವುದು:

"ಗುಂಪಿಗೆ ಸೇರಿದ ನಂತರ ಮಹಿಳೆಯರಲ್ಲಿ ಉಳಿತಾಯದ ರೂಢಿ ಹೆಚ್ಚಿದೆ, ಆದಾಗ್ಯೂ ಸಾಲದ ಹಣವನ್ನು ಯಾವುದಕ್ಕೆ ಬಳಸಬೇಕು ಎಂಬ ನಿರ್ಧಾರ ಮನೆಯ ಪುರುಷರ ಕೈಯಲ್ಲೇ ಉಳಿದಿದೆ."

ಮೇಲೆ ತೆಗೆದು ನಂತರ ಹಾಕಿದರು, ಅಭ್ಯಾಸ ತೆಗೆದು ರೂಢಿ, ಗಂಡಸರು ತೆಗೆದು ಪುರುಷರು. ಅಸ್ಥಿಪಂಜರ ಹಾಗೇ ಇದೆ, ಅಂಗಿ ಬದಲಾಗಿದೆ. ಇದೇ ಮೇಷ್ಟ್ರ "ಎರಡು ಮೂರು ಪದ ಬದಲಾಯಿಸಿ". ವರದಿಯಲ್ಲಿ ಇದು ಸಣ್ಣ ಸಣ್ಣ ತುಣುಕಾಗಿ, ಮಧ್ಯೆ ತೂತು ಬಿದ್ದ ಜರಡಿಯ ಹಾಗೆ ಕಾಣುತ್ತದೆ. 14 ಪದದ ಫಿಲ್ಟರ್ ಹಾಕಿದರೆ ಇಂಥ ಪ್ಯಾರಾ ಪೂರ್ತಿ ಬಿಳಿಯಾಗಿಬಿಡಬಹುದು, ಮಾಡಿದ ತಪ್ಪು ಮಾತ್ರ ಹಾಗೇ ಇರುತ್ತದೆ. ಮೌಖಿಕ ಪರೀಕ್ಷೆಗೆ ಬರುವವರು ಆ ಲೇಖನ ಓದಿದ್ದರೆ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾರೆ.

ಹೆಸರು ಕೊಟ್ಟಿದ್ದೀರಿ, ಸಂತೋಷ. ಆದರೆ ಹೆಸರು ಹೇಳುವುದು ವಿಚಾರ ಯಾರದು ಅಂತ. ವಾಕ್ಯವೂ ಅವರದೇ ಅಂತ ಓದುಗರಿಗೆ ಗೊತ್ತಾಗುವುದು ಉದ್ಧರಣ ಚಿಹ್ನೆಯಿಂದ. ಹೊಸ ಥರದ ವರದಿಯಲ್ಲಿ ಇದನ್ನು `Missing Quotations` ಅಂತ ಬೇರೆ ಗುಂಪಿನಲ್ಲೇ ಹಾಕಿರುತ್ತದೆ, ನಿಮ್ಮದರಲ್ಲಿ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಆ ವಿಂಗಡಣೆಯೂ ಯಂತ್ರದ್ದೇ, ಪೂರ್ತಿ ನೆಚ್ಚಿಕೊಳ್ಳಬೇಡಿ.

ನಾನಾಗಿದ್ದರೆ ಆ ಪ್ಯಾರಾವನ್ನು ಅಳಿಸಿ ಹೀಗೆ ಶುರು ಮಾಡುತ್ತಿದ್ದೆ: "ಉಳಿತಾಯ ಹೆಚ್ಚಿದ ಮಾತ್ರಕ್ಕೆ ಹಣದ ಮೇಲೆ ಹಿಡಿತ ಬರುವುದಿಲ್ಲ ಎಂಬುದು ಇವರ ವಾದ. ಅವರು ನೋಡಿದ್ದು ಪಟ್ಟಣದ ಗುಂಪುಗಳನ್ನು. ಹೊಳಲ್ಕೆರೆಯ ಹಳ್ಳಿಗಳಲ್ಲಿ ಇದನ್ನು ಬೇರೆ ಥರ ಕೇಳಬೇಕಾಯಿತು, ಯಾಕೆಂದರೆ..." ಇಲ್ಲಿ ಬದಲಾಗಿದ್ದು ಪದ ಅಲ್ಲ. ಆ ಅಧ್ಯಯನ ನಿಮ್ಮ ಪ್ರಬಂಧದಲ್ಲಿ ಯಾಕೆ ಇದೆ ಅನ್ನುವುದು ವಾಕ್ಯದೊಳಗೆ ಬಂತು.

ರವಿ ಮೇಷ್ಟ್ರು

ಸರಿ, ಒಪ್ಪಿದೆ. ಆದರೆ 12 ದಿನದಲ್ಲಿ ಪ್ರತಿ ಪ್ಯಾರಾವನ್ನೂ ಹೀಗೆ ಬರೆಯಲು ಆಗುತ್ತದೆಯಾ? ಪುಸ್ತಕದ ಮಾತು ಬೇರೆ, ಪರಿಸ್ಥಿತಿ ಬೇರೆ. ಕೊನೆಗೆ ಆಫೀಸಿನವರು ನೋಡುವುದು ಮೊದಲ ಪುಟದ ಸಂಖ್ಯೆಯನ್ನೇ.

ಲೀಡ್ಸ್ ಮಳೆ

ನಾನು ಇಂಗ್ಲೆಂಡಿನಲ್ಲಿ ಸಮಾಜಶಾಸ್ತ್ರದ ತರಗತಿಗಳಿಗೆ ಉತ್ತರ ಪತ್ರಿಕೆ ನೋಡುತ್ತೇನೆ, ಊರು ದಾವಣಗೆರೆ. ನಮ್ಮ ವಿಭಾಗದಲ್ಲಿ ಇಂತಿಷ್ಟು ಪರ್ಸೆಂಟ್ ಅಂತ ಗೆರೆಯೇ ಇಲ್ಲ. 28% ಇರುವುದನ್ನು ಏನೂ ಹೇಳದೆ ಬಿಟ್ಟಿದ್ದೇವೆ, 6% ಇರುವುದನ್ನು ವಿಚಾರಣೆಗೆ ಕಳಿಸಿದ್ದೇವೆ, ಆ ಆರೂ ಒಂದೇ ಕಡೆ, ಒಂದೇ ಮೂಲದಿಂದ, ಅದೂ ತೀರ್ಮಾನದ ಭಾಗದಲ್ಲಿ ಇತ್ತು. ಸಂಖ್ಯೆಯ ಗೆರೆ ಇರುವ ಕಡೆ ಜನ ಗೆರೆಯ ಜೊತೆ ಆಟ ಆಡುತ್ತಾರೆ, ಮೇಷ್ಟ್ರ ಮಾತು ಆ ಮಟ್ಟಿಗೆ ನಿಜ.

ಅಂಚಿನಮನೆ, ಒಂದು ಲೆಕ್ಕ ಮಾಡಿ. 62,000 ಪದದಲ್ಲಿ 1% ಅಂದರೆ 620 ಪದ, ಎರಡು ಪುಟ. `<1%` ಅಂತ ಇರುವ ಒಂದು ಮೂಲದಲ್ಲಿ ಇನ್ನೂರು ಪದ ಒಂದೇ ಕಡೆ ಅಡಗಿ ಕೂತಿರಬಹುದು. ಆ ಸಾಲು ಸಾಲು ಮೂಲಗಳನ್ನು ತೆರೆದು ನೋಡಿದಿರಾ?

ಅಂಚಿನಮನೆ

ಇಲ್ಲ. ಚಿಕ್ಕವು ಅಂತ ಬಿಟ್ಟಿದ್ದೆ.

ಹಳೇ ಲೈಬ್ರರಿಯವ

ನೋಡಿ. ಎಲ್ಲವನ್ನೂ ಒಂದೇ ಗಮನದಿಂದ ನೋಡಬೇಕಿಲ್ಲ. ಮೊದಲು ನಿಮ್ಮ ಫಲಿತಾಂಶ, ಚರ್ಚೆ, ತೀರ್ಮಾನದ ಅಧ್ಯಾಯಗಳಿಗೆ ಹೋಗಿ. ಅಲ್ಲಿ ಬೇರೆಯವರ ವಾಕ್ಯ ಇರಲು ಕಾರಣವೇ ಇಲ್ಲ. ವಿಧಾನದ ಅಧ್ಯಾಯದಲ್ಲಿ ಹತ್ತು ತುಣುಕು ಇದ್ದರೂ ನನಗೆ ಚಿಂತೆ ಇಲ್ಲ, ತೀರ್ಮಾನದಲ್ಲಿ ಒಂದು ಇದ್ದರೂ ನಿಲ್ಲುತ್ತೇನೆ.

ಅಂಚಿನಮನೆ

ಎರಡು ದಿನ ಆದ ಮೇಲೆ ಬರುತ್ತಿದ್ದೇನೆ. ಐದು ಮತ್ತು ಆರನೇ ಅಧ್ಯಾಯ ಪೂರ್ತಿ ನೋಡಿದೆ. ಹೆಚ್ಚಿನವು ಎಂಟು ಹತ್ತು ಪದದ ತುಣುಕು, "ಮೇಲಿನ ಕೋಷ್ಟಕದಿಂದ ತಿಳಿದುಬರುವುದೇನೆಂದರೆ" ಅನ್ನುವ ಥರದವು. ಒಂದು ಮಾತ್ರ ಎದೆ ಝಲ್ಲೆನಿಸಿತು. ಆರನೇ ಅಧ್ಯಾಯ, ನನ್ನ ಕಂಡುಕೊಂಡ ವಿಷಯಗಳ ಮಧ್ಯೆ, ಸತತ 38 ಪದ, ಒಂದು ಸಂಸ್ಥೆಯ ವರದಿಯಿಂದ. ಮೂಲ ಇಲ್ಲ, ಹೆಸರಿಲ್ಲ. ನಾನು ಕದ್ದ ನೆನಪೇ ಇಲ್ಲ. ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. 2019ರಲ್ಲಿ ಓದುವಾಗ ಆ ವಾಕ್ಯ ಇಷ್ಟವಾಗಿ ಬರೆದುಕೊಂಡಿದ್ದೆ, ಪುಟ ಸಂಖ್ಯೆ ಹಾಕಿಲ್ಲ, ಉದ್ಧರಣ ಚಿಹ್ನೆ ಹಾಕಿಲ್ಲ. ಮೂರು ವರ್ಷ ಕಳೆದು ಟೈಪ್ ಮಾಡುವಾಗ ನನ್ನದೇ ಮಾತು ಅಂದುಕೊಂಡಿದ್ದೇನೆ.

ಇನ್ನೂ ಕೇಳಿ. ಆ ವಾಕ್ಯ ಹೇಳುವುದು ಸಾಲದ ಬಳಕೆಯನ್ನು ಗಂಡ ಹೆಂಡತಿ ಕೂತು ಒಟ್ಟಿಗೆ ತೀರ್ಮಾನಿಸುತ್ತಾರೆ ಅಂತ. ಅದರ ಮೇಲೆ ನನ್ನ ಕೋಷ್ಟಕ ಇದೆ, ಅದರಲ್ಲಿ ಹೆಚ್ಚಿನವರು ಹೇಳಿರುವುದು "ಗಂಡ" ಅಂತ. ನನ್ನದೇ ಕೋಷ್ಟಕಕ್ಕೆ ಉಲ್ಟಾ ಮಾತು ನನ್ನದೇ ಅಧ್ಯಾಯದಲ್ಲಿ ಇಷ್ಟು ದಿನ ಕೂತಿತ್ತು. ಗೈಡ್ ಎರಡು ಸಲ ಓದಿದ್ದಾರೆ, ಅವರಿಗೂ ಕಂಡಿಲ್ಲ.

ಲೀಡ್ಸ್ ಮಳೆ

ಅಯ್ಯೋ. ಆ ವಾಕ್ಯಕ್ಕೆ ಚಿಹ್ನೆ ಹಾಕಿ ಉಳಿಸಿಕೊಳ್ಳಿ, ಕೆಳಗೆ ನಿಮ್ಮ ಕೋಷ್ಟಕ ಅದಕ್ಕೆ ವಿರುದ್ಧ ಹೇಳುತ್ತದೆ ಅಂತ ಬರೆಯಿರಿ. ಅಲ್ಲಿ ಒಂದು ಒಳ್ಳೆಯ ಪುಟ ಇದೆ.

ಅಂಚಿನಮನೆ

ಅದನ್ನೇ ಮಾಡುತ್ತಿದ್ದೇನೆ, ಒಂದೂವರೆ ಪುಟ ಆಗಿದೆ. ಈಗ ಕೊನೆಯದು, ನನ್ನ ಸ್ವಂತ ಲೇಖನದ 7%. ಗೈಡ್ ಜೊತೆ ಸೇರಿ 2022ರಲ್ಲಿ ಪ್ರಕಟಿಸಿದ್ದು. ನಿಯಮದ ಪ್ರಕಾರ ಪಿಎಚ್‌ಡಿಯವರು ಪ್ರಕಟಿಸಬೇಕಿತ್ತು, ಪ್ರಕಟಿಸಿದೆ. ಈಗ ಅದೇ ಹೊಂದಿಕೆ ಅಂತ ಬಂದರೆ ಏನು ಮಾಡಲಿ?

ಟೊಮ್ಯಾಟೊ ಬಾತ್

ಸ್ವಂತದ್ದು ಬಿಡಿ ಅಕ್ಕ, ಅವರೇ ಆ ಮೂಲ ತೆಗೆದು ವರದಿ ಕೊಡುತ್ತಾರೆ. ನಮ್ಮಲ್ಲಿ ಹಾಗೇ ಮಾಡಿದರು.

ಹಳೇ ಲೈಬ್ರರಿಯವ

ಅಷ್ಟು ಸಲೀಸಲ್ಲ. ಸ್ವಂತ ಪ್ರಕಟಿತ ಬರಹವನ್ನು ಸರಿಯಾಗಿ ಉಲ್ಲೇಖಿಸದೆ ಮತ್ತೆ ಬಳಸುವುದು ಒಪ್ಪತಕ್ಕದ್ದಲ್ಲ ಅಂತ ಯುಜಿಸಿ 2020ರಲ್ಲಿ ಸೂಚನೆ ಹೊರಡಿಸಿದೆ. ಹಾಗಾಗಿ ಆ ಅಧ್ಯಾಯದ ಶುರುವಿನಲ್ಲೇ ಒಂದು ವಾಕ್ಯ ಬೇಕು, ಈ ಭಾಗ ಇಂಥ ಲೇಖನವಾಗಿ ಪ್ರಕಟವಾಗಿದೆ ಅಂತ. ಕೆಲವು ಕಡೆ ಅದರ ಜೊತೆ ಗೈಡ್ ಸಹಿ ಮಾಡಿದ ಪತ್ರ ಕೊಟ್ಟರೆ ಆ ಮೂಲವನ್ನು ಕಳೆದು ಎರಡನೇ ವರದಿ ತೆಗೆದುಕೊಡುತ್ತಾರೆ. ಕೆಲವು ಕಡೆ ಕೊಡುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆ ನೋಡಬೇಕು.

ಲೀಡ್ಸ್ ಮಳೆ

ಇನ್ನೊಂದು ಕಸಿವಿಸಿ ಇದೆ. ಲೇಖನ ಇಬ್ಬರದು. ಅದರಲ್ಲಿ ಗೈಡ್ ಬರೆದ ಪ್ಯಾರಾಗಳು ಇದ್ದರೆ ಅವು ನಿಮ್ಮ ಪ್ರಬಂಧಕ್ಕೆ "ಸ್ವಂತ" ಹೇಗಾಗುತ್ತವೆ?

ಹಳೇ ಲೈಬ್ರರಿಯವ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಲ್ಲಿ ಯಾರೂ ಕೇಳುವುದಿಲ್ಲ ಅನ್ನುವುದು ಮಾತ್ರ ಗೊತ್ತು.

ಅಂಚಿನಮನೆ

ಪೀಠಿಕೆಯ ಮೂರು ಪ್ಯಾರಾ ಅವರೇ ಬರೆದದ್ದು. ಸರಿ, ಅದನ್ನು ನಾನೇ ಹೊಸದಾಗಿ ಬರೆಯುತ್ತೇನೆ. ಅವರಿಗೆ ಹೇಳುವುದು ಹೇಗೆ ಅಂತ ಯೋಚಿಸಬೇಕು.

ಅಂಚಿನಮನೆ

ಎಲ್ಲರಿಗೂ ತಿಳಿಸುತ್ತೇನೆ ಅಂದಿದ್ದೆ. ಇವತ್ತು ಎರಡನೇ ವರದಿ ಬಂತು. ಒಟ್ಟು 16, ಅದರಲ್ಲಿ ನನ್ನ ಲೇಖನವೇ 7. ಅದನ್ನು ಕಳೆದು ತೆಗೆದುಕೊಟ್ಟಿದ್ದು 10. ಸರ್, 16ರಲ್ಲಿ 7 ಹೋದರೆ 9 ಬರಬೇಕಿತ್ತಲ್ಲ?

ಹಳೇ ಲೈಬ್ರರಿಯವ

ನಿಮ್ಮ ಲೇಖನದ ಅಡಿಯಲ್ಲಿ ಇನ್ನೊಂದು ಮೂಲ ಅಡಗಿತ್ತು. ಮೇಲಿನದನ್ನು ತೆಗೆದ ಕೂಡಲೇ ಅದು ತಲೆ ಎತ್ತಿತು. ಯಾವುದು ಅಂತ ನೋಡಿ.

ಅಂಚಿನಮನೆ

ನೋಡಿದೆ. 2023ರ ಯಾವುದೋ ಜರ್ನಲ್. ನನ್ನ ಲೇಖನದ ಒಂದೂವರೆ ಪುಟ ಹಾಗೇ ಇದೆ, ಕೋಷ್ಟಕ ಸಮೇತ. ತಾಲ್ಲೂಕಿನ ಹೆಸರು ಮಾತ್ರ ಬದಲಾಗಿದೆ.

ರವಿ ಮೇಷ್ಟ್ರು

ಪದ ಬದಲಾಯಿಸಿ ಅಂತ ನಾನು ಹೇಳಿದ್ದು ಇದನ್ನಲ್ಲ ಮೇಡಂ!!

ಅಂಚಿನಮನೆ

ಗೊತ್ತು ಮೇಷ್ಟ್ರೇ. ಗೈಡ್‌ಗೆ ಕಳಿಸಿದ್ದೇನೆ, ಅವರು ಸಂಪಾದಕರಿಗೆ ಬರೆಯಬೇಕಾ ಬೇಡವಾ ಅಂತ ನಾಳೆ ಹೇಳುತ್ತಾರಂತೆ. ಪ್ರಬಂಧ ಸೋಮವಾರ ಸಲ್ಲಿಸುತ್ತಿದ್ದೇನೆ. ಘೋಷಣಾ ಪತ್ರ ಮೊದಲಿನ ಹಾಗೇ ಇದೆ.